ಬಾಯ್ಲ್ ನಿಯಮದ ಪ್ರಯೋಗ: ಆ 480 ಎಲ್ಲಿ ಹೋಯಿತು?

ಕಳೆದ ವಾರ ಬಿಎಸ್ಸಿ ಮೊದಲ ವರ್ಷದ ಮೂರೂ ಬ್ಯಾಚ್‌ಗಳು ಬಾಯ್ಲ್ ನಿಯಮದ ಪ್ರಯೋಗ ಮುಗಿಸಿದ್ದೀರಿ. ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡ P ಮತ್ತು ಗಾತ್ರ V ಇವುಗಳ ಗುಣಲಬ್ಧ PV ಸ್ಥಿರವಾಗಿರುತ್ತದೆ ಅನ್ನುವುದೇ ಆ ನಿಯಮ. ರೆಕಾರ್ಡ್‌ಗಳನ್ನು ಒಂದೊಂದಾಗಿ ಓದಿದೆ. ರೀಡಿಂಗ್‌ಗಳು ಚೆನ್ನಾಗಿವೆ. ಆದರೆ ಹೆಚ್ಚುಕಡಿಮೆ ಎಲ್ಲರ ರೆಕಾರ್ಡ್‌ನ ಕೊನೆಯಲ್ಲೂ ಒಂದೇ ವಾಕ್ಯ ಇದೆ: "ಗಾಳಿ ನೈಜ ಅನಿಲ, ಆದ್ದರಿಂದ PV ಸ್ಥಿರವಾಗಿ ಬಂದಿಲ್ಲ." ಈ ಚರ್ಚೆಯನ್ನು ಆ ವಾಕ್ಯದಿಂದಲೇ ಶುರು ಮಾಡೋಣ. ಅದು ತಪ್ಪು. ಯಾಕೆ ತಪ್ಪು ಅಂತ ತಿಳಿದುಕೊಂಡರೆ, ನೈಜ ಅನಿಲಗಳು ನಿಜವಾಗಿ ಎಲ್ಲಿ ನಿಯಮದಿಂದ ದೂರ ಸರಿಯುತ್ತವೆ ಅನ್ನುವುದೂ ಅರ್ಥವಾಗುತ್ತದೆ.

ಮೊದಲು ನಾವು ಮಾಡಿದ್ದೇನು ಅಂತ ನೆನಪಿಸಿಕೊಳ್ಳಿ. 60 ಮಿ.ಲೀ. ಸಿರಿಂಜ್, ಅದರ ತುದಿಗೆ ಒಂದು ಗೇಣುದ್ದದ ಪ್ಲಾಸ್ಟಿಕ್ ನಳಿಗೆ, ಅದರಾಚೆ ಒತ್ತಡದ ಗೇಜ್. ಪಿಸ್ಟನ್ ಒತ್ತಿ, ನಿಲ್ಲಿಸಿ, ಗೇಜ್ ನೋಡಿ ಬರೆದುಕೊಂಡಿರಿ. ಗೇಜ್‌ನ ಅಂಕಿಗೆ ಹೊರಗಿನ ಗಾಳಿಯ ಒತ್ತಡ ಕೂಡಿಸಿದ ಮೇಲೆ ಮೊದಲ ಬ್ಯಾಚ್‌ಗೆ ಬಂದದ್ದು ಇದು:

| V (ಮಿ.ಲೀ.) | P (ಕಿಲೋಪಾಸ್ಕಲ್) | PV |
|---|---|---|
| 60 | 91 | 5460 |
| 50 | 108 | 5400 |
| 40 | 133 | 5320 |
| 30 | 174 | 5220 |
| 20 | 249 | 4980 |

ಗಾತ್ರ ಕಡಿಮೆಯಾದಂತೆ ಒತ್ತಡ ಏರಿದೆ. ಸರಿ. ಆದರೆ ಗುಣಲಬ್ಧ ಒಂದೇ ಕಡೆಗೆ ಇಳಿಯುತ್ತಾ ಹೋಗಿದೆ. 5460ರಿಂದ 4980ಕ್ಕೆ, ಅಂದರೆ 480 ಕಡಿಮೆ. ಶೇಕಡಾ 9ರ ಹತ್ತಿರ. ಕೈ ನಡುಗಿಯೋ ಕಣ್ಣು ತಪ್ಪಿಯೋ ಆದ ವ್ಯತ್ಯಾಸ ಆಗಿದ್ದರೆ ಅದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಬೇಕಿತ್ತು. ಇಲ್ಲಿ ಪ್ರತಿ ಸಾಲಿನಲ್ಲೂ ಇಳಿಕೆಯೇ. ಹಾಗಾಗಿ ಇದಕ್ಕೊಂದು ಕಾರಣ ಇರಲೇಬೇಕು.

ನಳಿಗೆಯೊಳಗಿನ ಗಾಳಿ

ಗೇಜ್ ಅಳೆದದ್ದು ಸಿರಿಂಜಿನ ಗಾಳಿಯನ್ನು ಮಾತ್ರ ಅಲ್ಲ. ನಳಿಗೆಯೊಳಗೂ ಗಾಳಿ ಇತ್ತು. ಪಿಸ್ಟನ್ ಎಷ್ಟು ಒತ್ತಿದರೂ ಆ ಜಾಗ ಹಾಗೇ ಉಳಿಯುತ್ತದೆ. ಅದನ್ನು V0 ಅಂತ ಕರೆಯೋಣ. ಆಗ ಸ್ಥಿರವಾಗಿರಬೇಕಾದದ್ದು PV ಅಲ್ಲ, P(V + V0).

ಇದನ್ನು ಊಹಿಸಬೇಕಾಗಿಲ್ಲ, ನಿಮ್ಮ ರೀಡಿಂಗ್‌ಗಳೇ ಹೇಳುತ್ತವೆ. V ಅನ್ನು 1/P ಎದುರು ಗ್ರಾಫ್ ಹಾಕಿ. ನೇರ ಗೆರೆ ಬರುತ್ತದೆ, ಆದರೆ ಅದು ಮೂಲಬಿಂದುವಿನ ಮೂಲಕ ಹಾದುಹೋಗುವುದಿಲ್ಲ. ಲಂಬ ಅಕ್ಷವನ್ನು −3 ಮಿ.ಲೀ. ಹತ್ತಿರ ದಾಟುತ್ತದೆ. ಅಂದರೆ V0 ಸುಮಾರು 3 ಮಿ.ಲೀ. ನಾನು ನಳಿಗೆ ಬಿಚ್ಚಿ, ಚಿಕ್ಕ ಸಿರಿಂಜ್‌ನಿಂದ ನೀರು ತುಂಬಿಸಿ ನೋಡಿದೆ. 3 ಮಿ.ಲೀ.ಗೆ ಒಂದು ಕೂದಲೆಳೆಯಷ್ಟು ಕಡಿಮೆ ಹಿಡಿಯಿತು.

ಈಗ ಪ್ರತಿ ಗಾತ್ರಕ್ಕೂ 3 ಸೇರಿಸಿ ಗುಣಿಸಿ: 5733, 5724, 5719, 5742, 5727. ಇಳಿಕೆ ಹೋಯಿತು! ಎಲ್ಲವೂ ಶೇಕಡಾ ಅರ್ಧದೊಳಗೆ ಬಂದು ಕೂತವು. ಆ 480 ಪೂರ್ತಿ ನಳಿಗೆಯಲ್ಲೇ ಅಡಗಿತ್ತು. 60 ಮಿ.ಲೀ. ಇದ್ದಾಗ 3 ಮಿ.ಲೀ. ಅನ್ನುವುದು ಇಪ್ಪತ್ತರಲ್ಲಿ ಒಂದು ಪಾಲು. 20 ಮಿ.ಲೀ.ಗೆ ಬಂದಾಗ ಅದೇ 3 ಮಿ.ಲೀ. ಶೇಕಡಾ 15. ಒತ್ತಿದಷ್ಟೂ ಮರೆತ ಜಾಗದ ಪಾಲು ದೊಡ್ಡದಾಗುತ್ತದೆ, ಅದಕ್ಕೇ ಇಳಿಕೆ ಒಂದೇ ದಿಕ್ಕಿಗೆ.

ಎರಡನೇ ಬ್ಯಾಚ್‌ನವರದ್ದು ಇನ್ನೂ ಜಾಸ್ತಿ ಇಳಿದಿದೆ, 6078ರಿಂದ 5186ಕ್ಕೆ. ಅವರು ಗೇಜ್‌ನ ಅಂಕಿಗೆ ಪುಸ್ತಕದಲ್ಲಿದ್ದ 101.3 ಕಿಲೋಪಾಸ್ಕಲ್ ಕೂಡಿಸಿದ್ದಾರೆ. ಅದು ಸಮುದ್ರಮಟ್ಟದ ಒತ್ತಡ. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 91ರ ಆಸುಪಾಸು. ಅವತ್ತು ಲ್ಯಾಬ್‌ನ ಬ್ಯಾರೋಮೀಟರ್ ತೋರಿಸುತ್ತಿದ್ದುದೂ ಅದೇ. ಮಂಗಳೂರಿನಲ್ಲಿ ಮಾಡಿದ್ದರೆ 101.3 ಹೆಚ್ಚುಕಡಿಮೆ ಸರಿಹೋಗುತ್ತಿತ್ತು.

ಮೂರನೇ ಬ್ಯಾಚ್‌ನಲ್ಲಿ ಒಬ್ಬರು "20 ಮಿ.ಲೀ.ಗೆ ಒತ್ತಿದ ತಕ್ಷಣ ಗೇಜ್ ಮೇಲೆ ಹೋಗಿ, ಆಮೇಲೆ ನಿಧಾನವಾಗಿ ಇಳಿಯಿತು" ಅಂತ ಬರೆದಿದ್ದಾರೆ. ಬಹಳ ಒಳ್ಳೆಯ ಗಮನ. ಜೋರಾಗಿ ಒತ್ತಿದಾಗ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪ್‌ನ ತುದಿ ಬಿಸಿಯಾಗುವ ಹಾಗೆ. ಬಾಯ್ಲ್ ನಿಯಮ ಉಷ್ಣತೆ ಬದಲಾಗದಿದ್ದಾಗ ಮಾತ್ರ ಅನ್ವಯಿಸುತ್ತದೆ. ಅರ್ಧ ನಿಮಿಷ ಕಾದು, ಮುಳ್ಳು ನಿಂತ ಮೇಲೆ ಓದಬೇಕು. ನಿಲ್ಲದೆ ಇಳಿಯುತ್ತಲೇ ಇದ್ದರೆ ಅದು ಶಾಖ ಅಲ್ಲ, ಎಲ್ಲೋ ಸೋರುತ್ತಿದೆ. ಪಿಸ್ಟನ್ ವಾಪಸ್ 60ಕ್ಕೆ ತಂದು ನೋಡಿ. 91 ಬರದಿದ್ದರೆ ಸೋರಿಕೆ ಖಚಿತ.

ಬಾಯ್ಲ್‌ನ ಸ್ವಂತ ರೀಡಿಂಗ್‌ಗಳು

ರಾಬರ್ಟ್ ಬಾಯ್ಲ್ ತನ್ನ ಅಂಕಿಗಳನ್ನು 1662ರಲ್ಲಿ ಪ್ರಕಟಿಸಿದ. ಇಂಗ್ಲಿಷಿನ J ಅಕ್ಷರದಂತೆ ಬಗ್ಗಿಸಿದ ಗಾಜಿನ ನಳಿಗೆ. ಗಿಡ್ಡ ತೋಳಿನ ತುದಿ ಮುಚ್ಚಿತ್ತು, ಉದ್ದ ತೋಳಿಗೆ ಪಾದರಸ ಸುರಿಯುತ್ತಾ ಹೋದ. ಮುಚ್ಚಿದ ಗಾಳಿಯ ಕಂಬ 48 ಗುರುತು ಇದ್ದಾಗ ಒಟ್ಟು ಒತ್ತಡ 29 ಇಂಚು ಪಾದರಸಕ್ಕೆ ಸ್ವಲ್ಪ ಮೇಲೆ. ಕಂಬ 12 ಗುರುತಿಗೆ ಕುಗ್ಗಿದಾಗ 117 ಇಂಚಿಗೆ ಸ್ವಲ್ಪ ಮೇಲೆ. ಲೆಕ್ಕದ ಪ್ರಕಾರ ಬರಬೇಕಿದ್ದದ್ದು 116.5. ವ್ಯತ್ಯಾಸ ಶೇಕಡಾ 1ರಷ್ಟು.

ನನಗೆ ಈ ಕೋಷ್ಟಕ ತುಂಬ ಇಷ್ಟ. ಅಳೆದ ಅಂಕಿಯ ಪಕ್ಕದಲ್ಲೇ, ನಿಯಮ ನಿಜವಾಗಿದ್ದರೆ ಎಷ್ಟು ಬರಬೇಕು ಅನ್ನುವ ಅಂಕಿಯನ್ನೂ ಬಾಯ್ಲ್ ಇಟ್ಟಿದ್ದಾನೆ. ಹೊರಗಿನ ಗಾಳಿಯ ಒತ್ತಡವನ್ನೂ ಮರೆಯದೆ ಪ್ರತಿ ಸಾಲಿಗೂ ಕೂಡಿಸಿದ್ದಾನೆ. ನಿಮ್ಮ ರೆಕಾರ್ಡ್‌ನಲ್ಲೂ ಆ ಎರಡನೇ ಅಂಕಣ ಇರಲಿ.

ಹಾಗಾದರೆ ನೈಜ ಅನಿಲದ ಪಾಲು ಎಷ್ಟು?

ನಮ್ಮ ಸಿರಿಂಜಿನಲ್ಲಿ ಅತಿ ಹೆಚ್ಚು ಒತ್ತಡ 249 ಕಿಲೋಪಾಸ್ಕಲ್, ಅಂದರೆ ಎರಡೂವರೆ ಬಾರ್. ಆ ಒತ್ತಡದಲ್ಲಿ, ಕೋಣೆಯ ಉಷ್ಣತೆಯಲ್ಲಿ, ಗಾಳಿ ಆದರ್ಶ ಅನಿಲದಿಂದ ದೂರ ಸರಿಯುವುದು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಸಿರಿಂಜಿನಲ್ಲಿ ಒಂದು ಗೆರೆ 1 ಮಿ.ಲೀ. 20ರ ಹತ್ತಿರ ಅರ್ಧ ಗೆರೆ ತಪ್ಪಿದರೂ ಶೇಕಡಾ 2.5. ಇಂಥ ಸಾಧನದಲ್ಲಿ ಸಾವಿರದ ಒಂದು ಪಾಲು ಕಾಣುವ ಮಾತೇ ಇಲ್ಲ, ಅಲ್ವಾ?

"ಕಾರ್ಬನ್ ಡೈಆಕ್ಸೈಡ್ ತುಂಬಿಸಿದರೆ ಕಾಣುತ್ತಾ ಸರ್?" ಅಂತ ಒಬ್ಬಳು ಲ್ಯಾಬ್‌ನಲ್ಲೇ ಕೇಳಿದಳು. ಒಳ್ಳೆಯ ಪ್ರಶ್ನೆ. ಅದು ಗಾಳಿಗಿಂತ ಹತ್ತಾರು ಪಟ್ಟು ಜಾಸ್ತಿ ಸರಿಯುತ್ತದೆ, ಎರಡೂವರೆ ಬಾರ್‌ನಲ್ಲಿ ಶೇಕಡಾ 1ಕ್ಕೆ ಸ್ವಲ್ಪ ಮೇಲೆ. ಆದರೂ ಅದು ಅರ್ಧ ಗೆರೆಯೊಳಗೇ ಮುಚ್ಚಿಹೋಗುತ್ತದೆ.

ನೈಜ ಅನಿಲದ ನಡತೆ ನೋಡಬೇಕಾದರೆ ಭಾರೀ ಒತ್ತಡ ಬೇಕು. ಫ್ರಾನ್ಸ್‌ನ ಅಮಗಾ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಭಾಗದಲ್ಲಿ ಇದಕ್ಕಾಗಿ ಗಣಿಯ ಬಾವಿಗೇ ಇಳಿದ. ಅಲ್ಲಿ 300 ಮೀಟರ್‌ಗೂ ಎತ್ತರದ ಪಾದರಸದ ಕಂಬ ನಿಲ್ಲಿಸಿ, 400 ವಾಯುಮಂಡಲದಷ್ಟು ಒತ್ತಡ ಅಳೆದ. ಅಲ್ಲಿ PV ಗೆರೆ ನಿಜಕ್ಕೂ ಬಾಗಿತು.

ಬಾಗುವುದು ಯಾಕೆ?

ಆದರ್ಶ ಅನಿಲ ಅಂದಾಗ ನಾವು ಎರಡು ವಿಷಯ ಒಪ್ಪಿಕೊಂಡಿರುತ್ತೇವೆ. ಅಣುಗಳಿಗೆ ಗಾತ್ರ ಇಲ್ಲ, ಅವು ಒಂದನ್ನೊಂದು ಸೆಳೆಯುವುದಿಲ್ಲ. ಎರಡೂ ನಿಜವಲ್ಲ. ಮತ್ತೆ ಲೆಕ್ಕ ಹೇಗೆ ನಡೆಯುತ್ತದೆ? ದೂರ ಇರುವುದರಿಂದ. ಒಂದು ವಾಯುಮಂಡಲ ಒತ್ತಡದಲ್ಲಿ ನೈಟ್ರೋಜನ್ ಅಣುಗಳ ನಡುವಿನ ಸರಾಸರಿ ದೂರ ಅಣುವಿನ ಅಗಲದ ಸುಮಾರು 9 ಪಟ್ಟು. 200 ವಾಯುಮಂಡಲಕ್ಕೆ ಒತ್ತಿದರೆ ಅದು ಒಂದೂವರೆ ಪಟ್ಟಿಗೆ ಇಳಿಯುತ್ತದೆ. ತುಂಬಿದ ಸಿಟಿ ಬಸ್ಸಿನಲ್ಲಿ ನಿಂತಂತೆ. ಆಗ ಪಕ್ಕದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಗುವುದಿಲ್ಲ.

ವಾನ್ ಡೆರ್ ವಾಲ್ಸ್ 1873ರಲ್ಲಿ ತನ್ನ ಪ್ರಬಂಧದಲ್ಲಿ ಈ ಎರಡನ್ನೂ ಸಮೀಕರಣಕ್ಕೆ ಸೇರಿಸಿದ:

(P + an²/V²)(V − nb) = nRT

b ಅಣುಗಳು ತಾವೇ ಹಿಡಿದುಕೊಂಡ ಜಾಗದ ಲೆಕ್ಕ. ಓಡಾಡಲು ಸಿಗುವ ಜಾಗ ಕಡಿಮೆ, ಹಾಗಾಗಿ ಒತ್ತಡ ಜಾಸ್ತಿ. a ಸೆಳೆತದ ಲೆಕ್ಕ. ಗೋಡೆಗೆ ಬಡಿಯಲು ಹೊರಟ ಅಣುವನ್ನು ಹಿಂದಿನ ಅಣುಗಳು ಸ್ವಲ್ಪ ಎಳೆದುಕೊಳ್ಳುತ್ತವೆ, ಪೆಟ್ಟು ಮೆತ್ತಗಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. n²/V² ಯಾಕೆ ಅಂದರೆ, ಬಡಿಯುವ ಅಣುಗಳೂ ಸಾಂದ್ರತೆಯ ಜೊತೆ ಹೆಚ್ಚುತ್ತವೆ, ಹಿಂದಕ್ಕೆ ಎಳೆಯುವವೂ ಹೆಚ್ಚುತ್ತವೆ. ಎರಡು ಸಲ ಗುಣಿಸಿದ ಹಾಗೆ.

ಲೆಕ್ಕ ಹಾಕಿಯೇ ನೋಡೋಣ. 1 ಮೋಲ್ ಕಾರ್ಬನ್ ಡೈಆಕ್ಸೈಡ್, 1 ಲೀಟರ್ ಪಾತ್ರೆ, 300 ಕೆಲ್ವಿನ್. ಆದರ್ಶ ಲೆಕ್ಕದಲ್ಲಿ ಒತ್ತಡ 24.9 ಬಾರ್. b = 0.0427 ತೆಗೆದುಕೊಂಡರೆ ಅದು 26.05ಕ್ಕೆ ಏರುತ್ತದೆ. a = 3.64 ಕಳೆದರೆ 22.4ಕ್ಕೆ ಇಳಿಯುತ್ತದೆ. ಗಾತ್ರ 1.1 ಮೇಲೆ ತಳ್ಳಿತು, ಸೆಳೆತ 3.6 ಕೆಳಗೆ ಎಳೆಯಿತು. ಸೆಳೆತ ಗೆದ್ದಿತು. ಇನ್ನೂ ಒತ್ತುತ್ತಾ ಹೋದರೆ ಕೊನೆಗೆ ಜಾಗವೇ ಸಾಲದೆ ಬಂದು ಗಾತ್ರ ಗೆಲ್ಲುತ್ತದೆ. ಹಾಗಾಗಿ PV ಗೆರೆ ಮೊದಲು ಇಳಿದು, ಆಮೇಲೆ ಏರುತ್ತದೆ.

ಕೋಣೆಯ ಉಷ್ಣತೆಯಲ್ಲಿ ಹೈಡ್ರೋಜನ್‌ಗೆ ಆ ಇಳಿಕೆಯೇ ಇಲ್ಲ. ಅದರ a ಬಹಳ ಚಿಕ್ಕದು, ಮೊದಲಿಂದಲೇ ಗಾತ್ರದ್ದೇ ಕೈಮೇಲು. ನೈಟ್ರೋಜನ್‌ದು ಇನ್ನೊಂದು ಕಥೆ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಎರಡೂ ಪರಿಣಾಮಗಳು ಸಾಧಾರಣ ಒತ್ತಡದಲ್ಲಿ ಒಂದನ್ನೊಂದು ರದ್ದು ಮಾಡುತ್ತವೆ. ಇದಕ್ಕೆ ಬಾಯ್ಲ್ ಉಷ್ಣತೆ ಅಂತಲೇ ಹೆಸರು. ನಮ್ಮ ಲ್ಯಾಬ್ ಅದಕ್ಕೆ ದೂರವೇನೂ ಇಲ್ಲ. ಗಾಳಿ ಇಷ್ಟು ಸಾಧುವಾಗಿ ನಿಯಮ ಪಾಲಿಸುವುದಕ್ಕೆ ಇದೂ ಒಂದು ಕಾರಣ.

ಸೆಳೆತ ಪೂರ್ತಿ ಗೆದ್ದರೆ ಅನಿಲ ದ್ರವವೇ ಆಗಿಬಿಡುತ್ತದೆ. ಅಡುಗೆಮನೆಯ ಎಲ್‌ಪಿಜಿ ಸಿಲಿಂಡರ್ ಅಲುಗಾಡಿಸಿದರೆ ಕೇಳಿಸುವ ಕುಲುಕಾಟ ಅದೇ. ಇದಕ್ಕೂ ಮಿತಿ ಇದೆ. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ ಅಂತ ಥಾಮಸ್ ಆಂಡ್ರ್ಯೂಸ್ 1869ರಲ್ಲಿ ತೋರಿಸಿದ. ಅಲ್ಲಿಂದ ಮೇಲೆ ಅಣುಗಳ ಓಟದ ಮುಂದೆ ಸೆಳೆತ ಸಾಲುವುದಿಲ್ಲ.

ಮುಂದಿನ ಲ್ಯಾಬ್‌ಗೆ ನಳಿಗೆಯನ್ನು 5 ಸೆಂಟಿಮೀಟರ್‌ಗೆ ಕತ್ತರಿಸಿ ಇಟ್ಟಿರುತ್ತೇನೆ. ಪಿಸ್ಟನ್ ಒತ್ತುವಾಗ ಒಂದು ಸಲ, ಬಿಡುವಾಗ ಒಂದು ಸಲ ರೀಡಿಂಗ್ ತೆಗೆಯಿರಿ. ಬ್ಯಾರೋಮೀಟರ್ ನೋಡಿ ಅವತ್ತಿನ ಒತ್ತಡ ಮೊದಲ ಸಾಲಿನಲ್ಲೇ ಬರೆಯಿರಿ. V ಅನ್ನು 1/P ಎದುರು ಹಾಕಿದ ಗ್ರಾಫ್‌ನಿಂದ V0 ಕಂಡುಹಿಡಿದು, ನೀರು ತುಂಬಿಸಿ ತಾಳೆ ನೋಡಿ. ಹಳೆಯ ರೆಕಾರ್ಡ್‌ನ ಆ ಕೊನೆಯ ವಾಕ್ಯ ಹೊಡೆದುಹಾಕಿ, ಅದರ ಜಾಗದಲ್ಲಿ ನಿಮ್ಮ ನಳಿಗೆ ಎಷ್ಟು ಮಿ.ಲೀ. ಹಿಡಿಯಿತು ಅಂತ ಬರೆಯಿರಿ.