ಆಲ್ಡಾಲ್ ಸಂಘನನ: ಬೋರ್ಡಿನ ಬಾಣಗಳ ಜೊತೆ ಓದಲು

ಪಾವಗಡ, ಶಿರಾ ಕಡೆಯ ಬಸ್ಸಿಗೆಂದು ತುಮಕೂರಿನಿಂದ ಬೇಗ ಹೊರಟವರಿಗೆ ಪಾಠದ ಕೊನೆಯ ಭಾಗ ತಪ್ಪಿಹೋಯಿತು. ಗೆಳೆಯರ ನೋಟ್‌ಬುಕ್ಕಿನಿಂದ ಚಿತ್ರಗಳನ್ನು ಬರೆದುಕೊಂಡು, ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿ.

ಎರಡು ಅಣು ಅಸೆಟಾಲ್ಡಿಹೈಡ್ (CH₃CHO), ಜೊತೆಗೆ ಸಾರರಿಕ್ತ NaOH ದ್ರಾವಣ. ಮೊದಲ ಅಣುವಿನ CHO ಕಾರ್ಬನ್ C1, ಅದರ CH₃ ಕಾರ್ಬನ್ C2. ಎರಡನೆಯದರಲ್ಲಿ CHO ಕಾರ್ಬನ್ C3, CH₃ ಕಾರ್ಬನ್ C4.

ಚಿತ್ರ 1: ಮೂರು ಬಾಣ. ಮೊದಲನೆಯದು OH⁻ನ ಆಕ್ಸಿಜನ್ ಮೇಲಿನ ಎಲೆಕ್ಟ್ರಾನ್ ಜೋಡಿಯಿಂದ ಹೊರಟು C2ನ ಹೈಡ್ರೋಜನ್‌ಗೆ ಹೋಗುತ್ತದೆ. ಎರಡನೆಯದು ಆ C–H ಬಂಧದಿಂದ ಹೊರಟು C1–C2 ನಡುವೆ ನಿಲ್ಲುತ್ತದೆ. ಮೂರನೆಯದು C=Oನ ಪೈ ಬಂಧದಿಂದ ಆಕ್ಸಿಜನ್‌ಗೆ. ನೀರು ಹೊರಬಂತು, ಈನೋಲೇಟ್ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಉತ್ತರಪತ್ರಿಕೆಗಳಲ್ಲಿ ಜಾಸ್ತಿ ತಪ್ಪು ಕಾಣುವುದು ಈ ಮೊದಲ ಬಾಣದಲ್ಲೇ. H ಬಿಟ್ಟುಹೋಗುತ್ತದೆ ಅಲ್ವಾ ಅಂತ ಬಾಣವನ್ನು Hನಿಂದ OH⁻ ಕಡೆಗೆ ಎಳೆಯುತ್ತಾರೆ. ಬಾಣ ತೋರಿಸುವುದು ಎಲೆಕ್ಟ್ರಾನ್ ಜೋಡಿಯ ದಾರಿ, ಪರಮಾಣುವಿನ ದಾರಿ ಅಲ್ಲ. ಬಾಲ ಯಾವಾಗಲೂ ಒಂದು ಎಲೆಕ್ಟ್ರಾನ್ ಜೋಡಿಯ ಮೇಲೆ ಅಥವಾ ಒಂದು ಬಂಧದ ಮೇಲೆಯೇ ಇರಬೇಕು.

ಚಿತ್ರ 2: ಮತ್ತೆ ಮೂರು. ಈನೋಲೇಟ್ ಆಕ್ಸಿಜನ್‌ನ ಜೋಡಿ ಕೆಳಗಿಳಿದು C1 ಜೊತೆ ದ್ವಿಬಂಧ ಕಟ್ಟುತ್ತದೆ. C1=C2ರ ಪೈ ಜೋಡಿ C3ಕ್ಕೆ ಹೋಗುತ್ತದೆ. C3=Oನ ಪೈ ಜೋಡಿ ತನ್ನ ಆಕ್ಸಿಜನ್ ಮೇಲೆ ಕೂರುತ್ತದೆ. ಹೊಸ C2–C3 ಬಂಧ ಹುಟ್ಟುವುದು ಇಲ್ಲೇ. ಇಡೀ ಕ್ರಿಯೆ ನಮಗೆ ಬೇಕಾಗಿರುವುದೇ ಇದಕ್ಕಾಗಿ!

ಚಿತ್ರ 3: ಎರಡೇ ಬಾಣ. O⁻ನ ಜೋಡಿ ನೀರಿನ Hಗೆ, ನೀರಿನ O–H ಬಂಧ ಅದರ ಆಕ್ಸಿಜನ್‌ಗೆ. 3-ಹೈಡ್ರಾಕ್ಸಿಬ್ಯುಟನಾಲ್, ಅಂದರೆ ಆಲ್ಡಾಲ್, ಬಂತು. OH⁻ ವಾಪಸ್ ಸಿಕ್ಕಿತು, ಅದಕ್ಕೇ ಅದು ವೇಗವರ್ಧಕ.

ಚಿತ್ರ 4 ಮತ್ತು 5: ಬಿಸಿ ಮಾಡಿದಾಗ. OH⁻ ಮತ್ತೆ C2ನ ಇನ್ನೊಂದು H ತೆಗೆಯುತ್ತದೆ. ಬಾಣಗಳು ಚಿತ್ರ 1ರ ಹಾಗೆಯೇ. ಆಮೇಲೆ O⁻ನ ಜೋಡಿ C1ಕ್ಕೆ ಇಳಿಯುತ್ತದೆ, C1=C2ರ ಪೈ ಜೋಡಿ C2–C3 ನಡುವೆ ಸರಿಯುತ್ತದೆ, C3–OH ಬಂಧದ ಜೋಡಿ OH ಜೊತೆಗೇ ಹೊರಟುಹೋಗುತ್ತದೆ. ಉಳಿದದ್ದು ಬ್ಯುಟ್-2-ಈನಾಲ್. OH ತಾನಾಗಿ ಸುಲಭಕ್ಕೆ ಬಿಟ್ಟುಹೋಗುವ ಗುಂಪಲ್ಲ. ಹಿಂದಿನಿಂದ ಈನೋಲೇಟ್ ತಳ್ಳುವುದರಿಂದ, ಹೊಸ ದ್ವಿಬಂಧ C=O ಜೊತೆ ಸಂಯುಗ್ಮವಾಗಿ ಸ್ಥಿರತೆ ಸಿಗುವುದರಿಂದ ಇದು ನಡೆಯುತ್ತದೆ.

ಪ್ರತಿ ಚಿತ್ರ ಮುಗಿದ ಮೇಲೆ ಎರಡೂ ಬದಿಯ ಚಾರ್ಜ್ ಕೂಡಿ ನೋಡಿ. ಎಡಕ್ಕೆ ಒಂದು ಮೈನಸ್ ಇದ್ದರೆ ಬಲಕ್ಕೂ ಒಂದೇ ಇರಬೇಕು.

ಸೋಮವಾರಕ್ಕೆ ಬೆಂಜಾಲ್ಡಿಹೈಡ್ ಮತ್ತು ಅಸೆಟಾಲ್ಡಿಹೈಡ್ ತೆಗೆದುಕೊಂಡು ಐದೂ ಚಿತ್ರ ಬರೆದು ತನ್ನಿ. ಬೆಂಜಾಲ್ಡಿಹೈಡ್‌ಗೆ ಆಲ್ಫಾ ಹೈಡ್ರೋಜನ್ ಇಲ್ಲ, ಹಾಗಾಗಿ ಅದು ಯಾವಾಗಲೂ C3ರ ಜಾಗದಲ್ಲೇ ನಿಲ್ಲಬೇಕು. ಕೊನೆಯಲ್ಲಿ ಸಿನಮಾಲ್ಡಿಹೈಡ್ ಬಂದರೆ ನಿಮ್ಮ ಬಾಣಗಳು ಸರಿ ದಾರಿಯಲ್ಲಿವೆ.