ಸಾಲಿಗ್ರಾಮದೊಳಗಿನ ಸಮುದ್ರ

ಮಾನ್ಯ ಮುಖ್ಯ ಶಿಕ್ಷಕರೇ, ಗುರುಗಳೇ, ಗೆಳೆಯ ಗೆಳತಿಯರೇ, ಎಲ್ಲರಿಗೂ ವಿಜ್ಞಾನ ದಿನದ ಶುಭಾಶಯಗಳು.

ನಮ್ಮನೆ ದೇವರ ಕೋಣೆಯಲ್ಲಿ ಒಂದು ಕರಿ ಕಲ್ಲಿದೆ, ಸಾಲಿಗ್ರಾಮ. ಅಜ್ಜಿ ದಿನಾ ಅದಕ್ಕೆ ಹಾಲೆರೆಯುತ್ತಾರೆ. ಒಳಗೆ ಚಕ್ರದ ಗುರುತಿದೆ. ಅದು ಅಮೋನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಆದರೆ ಸಾಲಿಗ್ರಾಮ ಸಿಗುವುದು ಸಮುದ್ರ ತೀರದಲ್ಲಲ್ಲ, ನೇಪಾಳದಲ್ಲಿ, ಹಿಮಾಲಯದಿಂದ ಇಳಿಯುವ ಗಂಡಕಿ ನದಿಯಲ್ಲಿ. ಚಿಪ್ಪು ಬೆಟ್ಟ ಹತ್ತಿದ್ದು ಹೇಗೆ?

ಹಿಮಾಲಯ ಇರುವ ಕಡೆ ಮೊದಲು ಟೆಥಿಸ್ ಎಂಬ ಸಮುದ್ರವಿತ್ತು. ಭಾರತ ಆಗ ಅದರ ದಕ್ಷಿಣಕ್ಕೆ, ಬಹಳ ದೂರದಲ್ಲಿತ್ತು. ನಮ್ಮ ನೆಲ ನಿಂತಿರುವ ದೊಡ್ಡ ಶಿಲಾಫಲಕ ಉತ್ತರಕ್ಕೆ ಸರಿಯುತ್ತಾ ಹೋಯಿತು. ನಡುವಿನ ಸಮುದ್ರದ ತಳ ಬಸಾಲ್ಟ್ ಕಲ್ಲಿನದು, ಭಾರ ಜಾಸ್ತಿ. ಅದು ಏಷ್ಯಾದ ಅಡಿಗೆ ಜಾರಿ ಭೂಮಿಯೊಳಗೆ ಇಳಿಯಿತು. ಸಮುದ್ರ ಕಿರಿದಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತವೇ ಹೋಗಿ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು.

ಈಗ ತೊಂದರೆ ಶುರು. ಖಂಡದ ಕಲ್ಲು ಹಗುರ. ನೀರಲ್ಲಿ ಬೆಂಡನ್ನು ಅದುಮಿದರೆ ಮುಳುಗುವುದಿಲ್ಲ, ಅಲ್ವಾ? ಹಾಗೇ ಖಂಡ ಸುಲಭವಾಗಿ ಆಳಕ್ಕೆ ಇಳಿಯುವುದಿಲ್ಲ. ಹಿಂದಿನಿಂದ ಒತ್ತಡ ಮಾತ್ರ ನಿಲ್ಲುವುದಿಲ್ಲ. ಮತ್ತೆಲ್ಲಿಗೆ ಹೋಗಬೇಕು?

ಈ ಮೇಜಿನ ಬಟ್ಟೆ ನೋಡಿ. ಎಡಗೈ ಏಷ್ಯಾ, ಸುಮ್ನೆ ಒತ್ತಿ ಹಿಡಿದಿದ್ದೇನೆ. ಬಲಗೈ ಭಾರತ, ತಳ್ಳುತ್ತಿದ್ದೇನೆ. ನಡುವೆ ಮಡಿಕೆ ಎದ್ದಿತು ನೋಡಿ! ಆದರೆ ಬಟ್ಟೆ ಬರೀ ಮಡಿಚುತ್ತದೆ, ಕಲ್ಲು ಸೀಳುತ್ತದೆ ಕೂಡ. ಸೀಳಿದ ಪದರಗಳು ಮನೆ ಮೇಲಿನ ಹಂಚಿನ ಹಾಗೆ ಒಂದರ ಮೇಲೊಂದು ಹತ್ತುತ್ತವೆ. ಅದಕ್ಕೇ ಟಿಬೆಟ್‌ನ ಕೆಳಗೆ ಭೂಮಿಯ ಚಿಪ್ಪು ಸುಮಾರು 70 ಕಿಲೋಮೀಟರ್ ದಪ್ಪ, ಬೇರೆ ಕಡೆಯ ನೆಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಸಮುದ್ರದ ತಳದ ಕೆಸರು, ಸುಣ್ಣಕಲ್ಲು, ಚಿಪ್ಪು ಎಲ್ಲ ಈ ಪದರಗಳ ಜೊತೆ ಮೇಲೆ ಬಂದವು. 8848.86 ಮೀಟರ್ ಎತ್ತರದ ಎವರೆಸ್ಟ್ ತುದಿಯಲ್ಲಿರುವುದೂ ಸಮುದ್ರದ ಸುಣ್ಣಕಲ್ಲೇ.

ಆಲ್ಪ್ಸ್ ಎದ್ದಿದ್ದೂ ಇಂಥ ಡಿಕ್ಕಿಯಿಂದಲೇ. ನಮ್ಮ ಪಶ್ಚಿಮ ಘಟ್ಟ ಮಾತ್ರ ಹಾಗಲ್ಲ, ಅದರ ಕಥೆ ಬೇರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಹಿಮಾಲಯ ಇನ್ನೂ ಎಳೆ ಮಗು.

ಮತ್ತೊಂದು ವಿಷಯ: ಈ ತಳ್ಳಾಟ ಮುಗಿದಿಲ್ಲ. ಭಾರತ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವಷ್ಟೇ ನಿಧಾನ. ಆದರೆ ಪದರಗಳು ನುಣ್ಣಗೆ ಜಾರುವುದಿಲ್ಲ, ಸಿಕ್ಕಿಕೊಳ್ಳುತ್ತವೆ. ಎಷ್ಟೋ ವರ್ಷದ ಒತ್ತಡ ಒಂದೇ ಸಲ ಬಿಡಿಸಿಕೊಂಡರೆ ಭೂಕಂಪ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆಗಿದ್ದು ಅದೇ. ಸುಮಾರು 9,000 ಜನ ತೀರಿಕೊಂಡರು.

ಸಾಲಿಗ್ರಾಮವನ್ನೇ ತಂದು ತೋರಿಸೋಣ ಅಂತಿದ್ದೆ. ಅಜ್ಜಿ ಬಿಡಲಿಲ್ಲ. "ದೇವರನ್ನ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತೀಯೇನೇ?" ಅಂದರು. ಅದಕ್ಕೆ ಚಿತ್ರ ಬರೆದು ತಂದಿದ್ದೇನೆ, ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದೆ. ಊಟದ ಬಿಡುವಲ್ಲಿ ಬಂದು ನೋಡಿ. ನಮಸ್ಕಾರ.