ಟೈಲ್ಸ್ ಕೂರಿಸೋ ಮುಂಚೆ: ಸಿಪಿವಿಸಿ ಪೈಪಿನ ಜಾಹೀರಾತು

(ಎರಡೂವರೆ ನಿಮಿಷದ ವಿಡಿಯೋ, ಡೀಲರ್‌ಗಳಿಗೆ ಮತ್ತು ಪ್ಲಂಬಿಂಗ್ ಕಾಂಟ್ರಾಕ್ಟರ್‌ಗಳಿಗೆ. ಸಂಗೀತ ಬೇಡ, ಸೈಟಿನ ಸದ್ದೇ ಸಾಕು.)

ದೃಶ್ಯ: ಅರ್ಧ ಮುಗಿದ ಬಾತ್‌ರೂಮ್. ಗೋಡೆ ಕೊರೆದು ಪೈಪ್ ಕೂರಿಸಿದೆ. ಕಾಂಟ್ರಾಕ್ಟರ್ ಕ್ಯಾಮೆರಾ ನೋಡಿ ಮಾತಾಡುತ್ತಾರೆ.

ಕಾಂಟ್ರಾಕ್ಟರ್: ಈ ಗೋಡೆಗೆ ನಾಳೆ ಪ್ಲಾಸ್ಟರ್ ಆಗುತ್ತೆ, ಆಮೇಲೆ ಟೈಲ್ಸ್. ಅದಾದ ಮೇಲೆ ಒಂದು ಜಾಯಿಂಟ್ ಸೋರಿದರೂ ಪೈಪಿನ ದುಡ್ಡು ಲೆಕ್ಕಕ್ಕೇ ಬರಲ್ಲ, ಟೈಲ್ಸ್ ಒಡೆಯೋದು, ಅದೇ ಬಣ್ಣದ ಟೈಲ್ಸ್ ಹುಡುಕೋದು, ಓನರ್ ಹತ್ರ ಬೈಸಿಕೊಳ್ಳೋದು, ಎಲ್ಲ ನಮ್ಮ ತಲೆಗೇ. ಅದಕ್ಕೇ ನಾನು ಮೊದಲು ನೋಡೋದು ಇದನ್ನ.

(ಕ್ಲೋಸಪ್: ಕೈಯಲ್ಲಿ ಪೈಪ್ ತುಂಡು ಮತ್ತು ಎಲ್ಬೋ. ಅಂಟು ಹಚ್ಚಿಲ್ಲ.)

ಕಾಂಟ್ರಾಕ್ಟರ್: ಒಣಗಿದ ಪೈಪನ್ನ ಸುಮ್ನೆ ಕೈಯಲ್ಲಿ ಒತ್ತಿ. ಸಾಕೆಟ್‌ನ ಮೂರರಲ್ಲಿ ಒಂದು ಭಾಗದಿಂದ ಎರಡು ಭಾಗದೊಳಗೆ ಬಿಗಿಯಾಗಿ ನಿಲ್ಲಬೇಕು. ಸಲೀಸಾಗಿ ತಳ ಮುಟ್ಟಿ ಲೊಡಲೊಡ ಅಂದರೆ ಆ ಜೋಡಿ ಬೇಡ. ಇದು ನೋಡಿ, ಅರ್ಧಕ್ಕೆ ನಿಂತಿತು.

(ಪೈಪ್ ನೆಟ್ಟಗೆ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಸಾಲ್ವೆಂಟ್ ಸಿಮೆಂಟ್ ಹಚ್ಚುವ ಕೈ.)

ಪ್ಲಂಬರ್: ಸಾರ್, ಪೈಪಿಗೂ ಹಚ್ಚಿದೆ, ಫಿಟ್ಟಿಂಗ್ ಒಳಗೂ ಹಚ್ಚಿದೆ.

ಕಾಂಟ್ರಾಕ್ಟರ್: ಕಾಲು ಸುತ್ತು ತಿರುಗಿಸಿ ಪೂರ್ತಿ ತಳ್ಳಪ್ಪ. ಅರ್ಧ ನಿಮಿಷ ಹಿಡ್ಕೋ, ಬಿಡಬೇಡ. ಸುತ್ತಲೂ ಎಲ್ಲೂ ತುಂಡಾಗದೆ ಅಂಟಿನ ಬಳೆ ಬಂತಲ್ವಾ? ಅಷ್ಟೇ. ಇನ್ನು ಅಂಟು ಒಣಗೋ ತನಕ ನೀರು ಬಿಡೋ ಹಾಗಿಲ್ಲ. ಡಬ್ಬಿ ಮೇಲೆ ಎಷ್ಟು ಹೊತ್ತು ಅಂತ ಬರೆದಿದೆ, ಅಷ್ಟು ಕಾಯಲೇಬೇಕು. ಆಮೇಲೆ ಪ್ರೆಷರ್ ಟೆಸ್ಟ್, ಅದೂ ಪ್ಲಾಸ್ಟರ್‌ಗೆ ಮುಂಚೆ.

(ಪೈಪ್ ಮೇಲಿನ ಅಕ್ಷರ ತೆರೆ ತುಂಬ.)

ಕಾಂಟ್ರಾಕ್ಟರ್: ಎಸ್‌ಡಿಆರ್ 11. 23 ಡಿಗ್ರಿಯ ನೀರಿಗೆ 400 ಪಿಎಸ್‌ಐ ಅಂತ ಓದಿ ನಿಲ್ಲಿಸಬೇಡಿ. 82 ಡಿಗ್ರಿ ಬಿಸಿನೀರಿಗೆ ಅದೇ ಪೈಪಿನ ರೇಟಿಂಗ್ 100. ಗೀಸರ್ ಲೈನಿಗೆ ಲೆಕ್ಕ ಹಾಕಬೇಕಾದ್ದು ಈ 100. ಇನ್ನೊಂದು ವಿಷಯ, 50 ಡಿಗ್ರಿ ಬಿಸಿ ಏರಿದರೆ 10 ಮೀಟರ್ ಪೈಪ್ ಹೆಚ್ಚು ಕಮ್ಮಿ 3 ಸೆಂಟಿಮೀಟರ್ ಉದ್ದ ಆಗುತ್ತೆ. ಉದ್ದದ ಲೈನಲ್ಲಿ ಲೂಪ್ ಬಿಡಿ, ಕ್ಲಾಂಪ್ ಒತ್ತಿ ಬಿಗಿಯಬೇಡಿ.

ದೃಶ್ಯ: ಅಂಗಡಿಯ ಕೌಂಟರ್.

ಡೀಲರ್: ಸೋರಿದರೆ ಕಾಂಟ್ರಾಕ್ಟರ್ ಫೋನ್ ಮಾಡೋದು ಕಂಪನಿಗಲ್ಲ, ನನಗೆ. ಅದಕ್ಕೇ ಪೈಪ್, ಫಿಟ್ಟಿಂಗ್, ಅಂಟು ಮೂರನ್ನೂ ಒಂದೇ ಕಡೆಯಿಂದ ತರಿಸಿ ಒಟ್ಟಿಗೇ ಕೊಡ್ತೀನಿ. ಪ್ರತಿ ಪೈಪಿನ ಮೇಲೂ ಬ್ಯಾಚ್ ನಂಬರ್ ಇರೋದರಿಂದ ಏನೇ ದೂರು ಬಂದರೂ ಯಾವ ಲೋಡು ಅಂತ ತಕ್ಷಣ ಗೊತ್ತಾಗುತ್ತೆ. ಸ್ಟಾಕ್ ಮಾತ್ರ ನೆರಳಲ್ಲೇ ಇಡ್ತೀನಿ, ಬಿಸಿಲಿಗೆ ಬಿದ್ದಿದ್ದ ಪೈಪನ್ನ ನಾನು ಮಾರಲ್ಲ.

ಹಿನ್ನೆಲೆ ದನಿ: ಆರ್ಡರ್ ಕೊಡೋ ಮುಂಚೆ ನಮ್ಮ ಸೇಲ್ಸ್‌ನವರ ಹತ್ರ ಒಂದು ತುಂಡು ಪೈಪ್, ಒಂದು ಎಲ್ಬೋ ಕೇಳಿ ಇಸ್ಕೊಳ್ಳಿ. ನಿಮ್ಮ ಕೌಂಟರ್ ಮೇಲೇ, ಅಂಟು ಹಚ್ಚದೆ, ಒತ್ತಿ ನೋಡಿ.